ಚಾರ್ಜರ್ ಮೇಲೆ ವಾಚು, ಪಕ್ಕದಲ್ಲಿ ಫೋನು

ಭಾನುವಾರ ಬೆಳಿಗ್ಗೆ ತಿಪಟೂರಿನಿಂದ ಚಿಕ್ಕಪ್ಪನ ಫೋನು. “ವಾಚು ಸತ್ತೋಯ್ತು ಕಣೋ. ಬರೀ ಕಂಪನಿ ಗುರುತು ಕಾಣ್ತಿದೆ. ಟೈಮೂ ಇಲ್ಲ, ಏನೂ ಇಲ್ಲ.”

ಹಿಂದಿನ ರಾತ್ರಿ ಆ್ಯಪ್ ತೆರೆದಾಗ ಅಪ್‌ಡೇಟ್ ಬಂದಿದೆ ಎಂದು ತೋರಿಸಿತ್ತಂತೆ. ಒತ್ತಿದರಂತೆ.

“ಒತ್ತಿದ ಮೇಲೆ ಏನ್ಮಾಡಿದ್ರಿ ಚಿಕ್ಕಪ್ಪ?”

“ಏನ್ಮಾಡೋದು? ಡೌನ್‌ಲೋಡ್ ಆಯ್ತು ಅಂತ ಬಂತು. ಅಷ್ಟೊತ್ತಿಗೆ ತ್ರೀ ಫೇಸ್ ಕರೆಂಟೂ ಬಂತು. ವಾಚು ಟೀಪಾಯಿ ಮೇಲಿಟ್ಟು, ಫೋನು ಜೇಬಿಗೆ ಹಾಕ್ಕೊಂಡು ಮೋಟರ್ ಹಾಕಕ್ಕೆ ತೋಟಕ್ಕೆ ಹೋದೆ.”

ವಾಚಿಗೆ ಏನಾಯಿತು ಎನ್ನುವುದು ಈ ಮಾತಿನಲ್ಲೇ ಇತ್ತು. ಡೌನ್‌ಲೋಡ್ ಆಗಿದ್ದು ಫೋನಿಗೆ, ವಾಚಿಗಲ್ಲ.

ಕೈಗಡಿಯಾರಕ್ಕೆ ಹೊಸ ತಂತ್ರಾಂಶ ಹೋಗುವುದು ಮೂರು ಹಂತದಲ್ಲಿ. ಮೊದಲು ಕಂಪನಿಯ ಸರ್ವರ್‌ನಿಂದ ಫೋನಿನ ಆ್ಯಪ್‌ಗೆ ಫೈಲು ಇಳಿಯುತ್ತದೆ. ಇದು ಇಂಟರ್‌ನೆಟ್ ಕೆಲಸ, ಕೆಲವು ಸೆಕೆಂಡುಗಳಲ್ಲಿ ಮುಗಿಯುತ್ತದೆ. ಆಮೇಲೆ ಆ್ಯಪ್ ಅದನ್ನು ತುಂಡು ತುಂಡಾಗಿ ಬ್ಲೂಟೂತ್ ಮೂಲಕ ವಾಚಿಗೆ ದಾಟಿಸುತ್ತದೆ. ಕೊನೆಗೆ ವಾಚು ಬಂದಿದ್ದೆಲ್ಲ ಸರಿಯಿದೆಯೇ ಎಂದು ಪರೀಕ್ಷಿಸಿ, ಹೊಸದನ್ನು ಜಾರಿಗೆ ತಂದು, ತಾನೇ ಆಫ್ ಆಗಿ ಆನ್ ಆಗುತ್ತದೆ. ಕೆಟ್ಟು ಕೂರುವ ಪ್ರಸಂಗಗಳಲ್ಲಿ ಹೆಚ್ಚಿನವು ಎರಡನೆಯ ಹಂತದವು.

ಯಾಕೆಂದರೆ ಆ ದಾರಿ ತೀರಾ ಸಣ್ಣದು. ಇಂಥ ವಾಚುಗಳು ಆ್ಯಪ್ ಜೊತೆ ಮಾತಾಡುವುದು ಬ್ಲೂಟೂತ್ ಲೋ ಎನರ್ಜಿ ಎಂಬ ಬಗೆಯಲ್ಲಿ. ಹೆಸರೇ ಹೇಳುವಂತೆ ಅದನ್ನು ಕಟ್ಟಿದ್ದು ಬ್ಯಾಟರಿ ಉಳಿಸಲಿಕ್ಕೆ, ವೇಗಕ್ಕಲ್ಲ. ಅದರ ಹಳೆಯ ಪದ್ಧತಿಯಲ್ಲಿ ಒಂದು ಪೊಟ್ಟಣಕ್ಕೆ 20 ಬೈಟ್ ಮಾತ್ರ ಹಿಡಿಯುತ್ತಿತ್ತು. ಹೊಸ ಚಿಪ್‌ಗಳಲ್ಲಿ 244ರವರೆಗೂ ಹೋಗುತ್ತದೆ. ಒಂದು ಲೆಕ್ಕ ಹಾಕಿ ನೋಡೋಣ. ಫೈಲು 8 ಎಂಬಿ ಇದೆ, ಬ್ಲೂಟೂತಿನಲ್ಲಿ ಸೆಕೆಂಡಿಗೆ 15 ಕೆಬಿ ಸಾಗುತ್ತಿದೆ ಎಂದುಕೊಳ್ಳಿ. 530 ಸೆಕೆಂಡು ಬೇಕು, ಅಂದರೆ ಸುಮಾರು ಒಂಬತ್ತು ನಿಮಿಷ. ವಾಟ್ಸ್‌ಆ್ಯಪ್‌ನಲ್ಲಿ ಇಷ್ಟೇ ಗಾತ್ರದ ವಿಡಿಯೊ ಕಣ್ಣು ಮಿಟುಕಿಸುವಷ್ಟರಲ್ಲಿ ಇಳಿಯುವುದನ್ನು ಕಂಡವರಿಗೆ ಇದು ನಂಬಲಾಗದ ನಿಧಾನ. ಅದಕ್ಕೇ ಚಿಕ್ಕಪ್ಪ ಮೊದಲ ಗೆರೆ ತುಂಬಿದ ಕೂಡಲೇ ಕೆಲಸ ಮುಗಿಯಿತೆಂದು ಎದ್ದು ಹೋದದ್ದು.

ತೋಟ ಮನೆಯಿಂದ ಇನ್ನೂರು ಹೆಜ್ಜೆ. ಬ್ಲೂಟೂತ್ ಹತ್ತು ಮೀಟರ್ ದಾಟಿದರೆ ನಂಬುವಂತಿಲ್ಲ. ನಡುವೆ ಗೋಡೆ ಬಂದರೆ ಅಷ್ಟೂ ಇಲ್ಲ. ಅದರ ಅಲೆಗಳನ್ನು ನೀರು ಹೀರಿಕೊಳ್ಳುತ್ತದೆ, ನಮ್ಮ ಮೈಯಲ್ಲಿ ಇರುವುದು ಬಹುಪಾಲು ನೀರೇ. ಹಾಗಾಗಿ ಫೋನು ಪ್ಯಾಂಟಿನ ಹಿಂದಿನ ಜೇಬಿನಲ್ಲಿದ್ದು, ವಾಚು ಎದುರಿನ ಮೇಜಿನ ಮೇಲಿದ್ದರೂ ಸಂಪರ್ಕ ಕುಂಟುವುದುಂಟು. ಎರಡನ್ನೂ ಒಂದೇ ಮೇಜಿನ ಮೇಲೆ, ಒಂದು ಗೇಣಿನೊಳಗೆ ಇಡಿ ಎನ್ನುವುದು ಇದೇ ಕಾರಣಕ್ಕೆ.

ಇನ್ನು ಬ್ಯಾಟರಿ. ಆ್ಯಪಲ್ ವಾಚಿಗೆ ಕನಿಷ್ಠ ಶೇ 50 ಚಾರ್ಜ್ ಇರಬೇಕು. ಐಫೋನಿನಿಂದ ಮಾಡುವುದಾದರೆ ವಾಚು ಚಾರ್ಜರ್ ಮೇಲೆ ಇರಬೇಕು, ಪಕ್ಕದಲ್ಲೇ ಇರುವ ಫೋನಿಗೆ ವೈಫೈ ಸಿಕ್ಕಿರಬೇಕು. ಬೇರೆ ಕಂಪನಿಗಳ ಆ್ಯಪ್‌ಗಳೂ ತಮ್ಮದೇ ಒಂದು ಗೆರೆ ಹಾಕಿಕೊಂಡಿವೆ. ಅದಕ್ಕಿಂತ ಕಡಿಮೆ ಇದ್ದರೆ ಗುಂಡಿಯೇ ಒತ್ತಿಸಿಕೊಳ್ಳುವುದಿಲ್ಲ. ಹತ್ತು ನಿಮಿಷದ ಕೆಲಸಕ್ಕೆ ಅರ್ಧ ಬ್ಯಾಟರಿ ಖರ್ಚಾಗುತ್ತದೆಯೇ? ಖಂಡಿತ ಇಲ್ಲ. ಆದರೆ ಪರದೆಯ ಮೇಲಿನ ಶೇಕಡಾ ಅಂಕಿ ಒಂದು ಅಂದಾಜು ಮಾತ್ರ. ಎರಡು ವರ್ಷ ಬಳಸಿದ ಪುಟ್ಟ ಬ್ಯಾಟರಿ 25 ಎಂದು ತೋರಿಸುತ್ತಲೇ ಇರುತ್ತದೆ, ಭಾರ ಬಿದ್ದ ಕೂಡಲೇ ವೋಲ್ಟೇಜು ಕುಸಿದು ವಾಚು ಆಫ್ ಆಗುತ್ತದೆ. ಅಪ್‌ಡೇಟಿನ ವೇಳೆ ಬ್ಲೂಟೂತ್ ಬಿಡುವಿಲ್ಲದೆ ದುಡಿಯುತ್ತಿರುತ್ತದೆ, ಜೊತೆಗೆ ಫ್ಲ್ಯಾಶ್ ಸ್ಮರಣೆಗೆ ಬರೆಯುವ ಕೆಲಸ. ಈ ಸ್ಮರಣೆಯಲ್ಲಿ ಹಳೆಯದರ ಮೇಲೆ ನೇರ ಬರೆಯುವಂತಿಲ್ಲ. ಒಂದೊಂದು ಪಾತಿಯನ್ನೇ ಪೂರಾ ಅಳಿಸಿ, ಆಮೇಲೆ ಬರೆಯಬೇಕು. ಅಳಿಸಿ ಆಗಿದೆ, ಬರೆದಿಲ್ಲ ಎನ್ನುವ ಗಳಿಗೆಯಲ್ಲಿ ವಿದ್ಯುತ್ತು ಹೋದರೆ ಅತ್ತ ಹಳೆಯದೂ ಇಲ್ಲ, ಇತ್ತ ಹೊಸದೂ ಇಲ್ಲ.

ಚೆನ್ನಾಗಿ ಮಾಡಿದ ವಾಚುಗಳಲ್ಲಿ ಇದಕ್ಕೆ ಪರಿಹಾರ ಇದೆ. ಸ್ಮರಣೆಯಲ್ಲಿ ಎರಡು ಕೋಣೆ. ಹಳೆಯ ತಂತ್ರಾಂಶ ಒಂದರಲ್ಲಿ ಓಡುತ್ತಿರುವಾಗಲೇ ಹೊಸದು ಇನ್ನೊಂದರಲ್ಲಿ ಬಂದು ಕೂರುತ್ತದೆ. ಪೂರ್ತಿ ಬಂದಿದೆ, ಕಂಪನಿಯ ಸಹಿ ಸರಿಯಿದೆ ಎಂದಾದ ಮೇಲೆಯೇ ಅಧಿಕಾರ ಬದಲಾಗುತ್ತದೆ. ಪೈನ್‌ಟೈಮ್ ಎಂಬ ಮುಕ್ತ ತಂತ್ರಾಂಶದ ವಾಚು ಇನ್ನೂ ಒಂದು ಹೆಜ್ಜೆ ಮುಂದೆ: ಹೊಸದು ಶುರುವಾದ ಮೇಲೆ ಬಳಸುವವರೇ ಸೆಟ್ಟಿಂಗ್ಸ್‌ಗೆ ಹೋಗಿ `Validate` ಒತ್ತಬೇಕು. ಒತ್ತದೇ ಇದ್ದರೆ ಮುಂದಿನ ಸಲ ಆಫ್ ಆಗಿ ಆನ್ ಆದಾಗ ತಾನಾಗಿ ಹಳೆಯದಕ್ಕೆ ಮರಳುತ್ತದೆ. ಆದರೆ ಎರಡು ಕೋಣೆಗೆ ಎರಡರಷ್ಟು ಜಾಗ ಬೇಕು, ಜಾಗಕ್ಕೆ ದುಡ್ಡು ಬೇಕು. ಅಗ್ಗದ ವಾಚುಗಳಲ್ಲಿ ಕೆಲವು ಒಂದೇ ಕೋಣೆಯಲ್ಲಿ ಸಂಸಾರ ಮಾಡುತ್ತವೆ. ಹೊಸಬ ಬರುವ ಮೊದಲೇ ಹಳಬನನ್ನು ಹೊರಹಾಕುತ್ತವೆ.

ಚಿಕ್ಕಪ್ಪನ ವಾಚು ಆ ಜಾತಿಯದು. ಆದರೂ ಪೂರ್ತಿ ಸತ್ತಿರಲಿಲ್ಲ. ಬೂಟ್‌ಲೋಡರ್ ಎನ್ನುವ ಪುಟ್ಟ ಕಾವಲುಗಾರ ತಂತ್ರಾಂಶವನ್ನು ಅಪ್‌ಡೇಟು ಸಾಮಾನ್ಯವಾಗಿ ಮುಟ್ಟುವುದಿಲ್ಲ. ಪರದೆಯ ಮೇಲೆ ಕಂಪನಿ ಗುರುತು ಕಾಣುತ್ತಿದೆ ಎಂದರೆ ಅವನು ಎಚ್ಚರವಾಗಿದ್ದಾನೆ, ಫೈಲಿಗಾಗಿ ಕಾಯುತ್ತಿದ್ದಾನೆ ಎಂದು ಆಸೆ ಇಟ್ಟುಕೊಳ್ಳಬಹುದು. ವಾಚನ್ನು ಅರ್ಧ ಗಂಟೆ ಚಾರ್ಜಿಗೆ ಹಾಕಿಸಿದೆ. ಫೋನಿನ ಬ್ಲೂಟೂತ್ ಪಟ್ಟಿ ನೋಡಿ ಎಂದೆ. “ನಮ್ ವಾಚಿನ ಹೆಸರಿಲ್ಲ, ಅದ್ಯಾವುದೋ `DfuTarg` ಅಂತಿದೆ” ಎಂದರು. ಅದೇ ನಮ್ಮ ಕಾವಲುಗಾರ. ನಾರ್ಡಿಕ್ ಕಂಪನಿಯ ಚಿಪ್ ಇರುವ ಸಾಧನಗಳು ಅಪ್‌ಡೇಟಿಗೆ ಕಾಯುವಾಗ ಈ ಹೆಸರು ಇಟ್ಟುಕೊಳ್ಳುವುದು ವಾಡಿಕೆ. ಆ ಪಟ್ಟಿಯಲ್ಲಿ ಅದನ್ನು ಜೋಡಿಸಲು ಹೋಗಬೇಡಿ, ಆ್ಯಪ್ ಮುಚ್ಚಿ ಮತ್ತೆ ತೆರೆಯಿರಿ ಎಂದೆ. ಅರ್ಧಕ್ಕೆ ನಿಂತ ಅಪ್‌ಡೇಟ್ ಮುಂದುವರಿಸಬೇಕೆ ಎಂದು ಆ್ಯಪ್ ತಾನೇ ಕೇಳಿತು. ಈ ಸಲ ಚಿಕ್ಕಪ್ಪ ಕಾಫಿ ಲೋಟ ಹಿಡಿದು ಎದುರಿಗೇ ಕೂತರು. ಹನ್ನೊಂದು ನಿಮಿಷಕ್ಕೆ ಟೈಮು ಬಂತು. ಹಳೆಯ ಹೆಜ್ಜೆಗಳ ಲೆಕ್ಕದಲ್ಲಿ ಅಂದಿನದು ಮಾತ್ರ ಹೋಯಿತು. ಮಿಕ್ಕಿದ್ದು ಆ್ಯಪ್‌ನಲ್ಲಿ ಮೊದಲೇ ಸಿಂಕ್ ಆಗಿತ್ತು.

ಕರೆ ಮಾಡಬಹುದಾದ ವಾಚುಗಳಲ್ಲಿ ಇನ್ನೊಂದು ಗೊಂದಲ ಬಹಳ ಸಲ ನೋಡಿದ್ದೇನೆ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ವಾಚು ಕನೆಕ್ಟ್ ಆಗಿದೆ ಎಂದು ಇರುತ್ತದೆ, ಆ್ಯಪ್‌ನಲ್ಲಿ ಮಾತ್ರ ಇಲ್ಲ ಎನ್ನುತ್ತದೆ. ಎರಡೂ ನಿಜ. ಅಲ್ಲಿರುವುದು ಎರಡು ಬೇರೆ ಸಂಪರ್ಕ: ಕರೆಯ ಧ್ವನಿಗೆ ಒಂದು, ಹೆಜ್ಜೆ ಲೆಕ್ಕ ಮತ್ತು ಅಪ್‌ಡೇಟಿಗೆ ಇನ್ನೊಂದು. ಎರಡನೆಯದನ್ನು ಆ್ಯಪ್ ಒಳಗಿನಿಂದಲೇ ಜೋಡಿಸಬೇಕು. ಹಳೆಯ ಫೋನಿನ ಆ್ಯಪ್‌ನಲ್ಲಿ ವಾಚು ಇನ್ನೂ ನೋಂದಣಿಯಾಗಿದ್ದರೆ ಮೊದಲು ಅಲ್ಲಿಂದ ತೆಗೆಯಬೇಕಾದೀತು. ಆಂಡ್ರಾಯ್ಡ್ 12ರಿಂದ ಈಚೆಗೆ ಆ್ಯಪ್‌ಗೆ ಹತ್ತಿರದ ಸಾಧನಗಳನ್ನು ಹುಡುಕುವ ಅನುಮತಿಯನ್ನು ಪ್ರತ್ಯೇಕ ಕೊಡಬೇಕು. ಅದಕ್ಕೂ ಹಿಂದಿನ ಫೋನುಗಳಲ್ಲಿ ಲೊಕೇಶನ್ ಅನುಮತಿ ಕೇಳುತ್ತದೆ. ಫೋನಿನ ಬ್ಯಾಟರಿ ಸೇವರ್ ಆನ್ ಇದ್ದರೆ ಪರದೆ ಆರಿದ ಸ್ವಲ್ಪ ಹೊತ್ತಿಗೆ ಆ್ಯಪ್ಪನ್ನೇ ನಿಲ್ಲಿಸಿಬಿಡುವುದೂ ಉಂಟು. ಅಪ್‌ಡೇಟ್ ಮುಗಿಯುವ ತನಕ ಅದನ್ನು ಆಫ್ ಮಾಡಿ, ಆ್ಯಪ್ ಕಣ್ಣೆದುರಿಗೇ ತೆರೆದಿರಲಿ.

ದುಬಾರಿ ವಾಚುಗಳ ಕತೆ ಬೇರೆ. ಅವುಗಳೊಳಗೆ ಇರುವುದು ಪುಟ್ಟ ಫೋನೇ, ಅಪ್‌ಡೇಟೂ ನೂರಾರು ಎಂಬಿ. ಇದನ್ನು ಬ್ಲೂಟೂತಿನಲ್ಲಿ ಸಾಗಿಸಿದರೆ ಗಂಟೆಗಟ್ಟಲೆ ಹಿಡಿದೀತು, ಹಾಗಾಗಿ ವೈಫೈ ನೆರವು ಬೇಕಾಗುತ್ತದೆ.

ಈಗ ಇಯರ್‌ಬಡ್ಸ್ ಕಡೆ ಬರೋಣ. ನನ್ನ ಹೆಚ್ಚಿನ ತಕರಾರು ಇರುವುದು ಇಲ್ಲಿ. ವಾಚನ್ನು ಆ್ಯಪ್ ಇಲ್ಲದೆ ಶುರು ಮಾಡುವುದೇ ಕಷ್ಟ. ಇಯರ್‌ಬಡ್ಸ್ ಹಾಗಲ್ಲ, ಬ್ಲೂಟೂತ್ ಪಟ್ಟಿಯಲ್ಲಿ ಒತ್ತಿದರೆ ಹಾಡು ಬರುತ್ತದೆ. ಹಾಡು ಬಂದ ಮೇಲೆ ಆ್ಯಪ್ ಯಾರಿಗೆ ಬೇಕು? ಹೀಗಾಗಿ ಕೊಂಡ ದಿನದ ತಂತ್ರಾಂಶವೇ ಅವು ಕೆಡುವ ದಿನದವರೆಗೂ ಇರುತ್ತದೆ. 2025ರ ಜೂನ್‌ನಲ್ಲಿ ಜರ್ಮನಿಯ ಇಆರ್‌ಎನ್‌ಡಬ್ಲ್ಯು ಎಂಬ ಭದ್ರತಾ ಸಂಸ್ಥೆಯವರು ತೈವಾನಿನ ಐರೋಹಾ ಕಂಪನಿಯ ಬ್ಲೂಟೂತ್ ಚಿಪ್‌ಗಳಲ್ಲಿ ಮೂರು ದೋಷಗಳನ್ನು ಬಯಲಿಗೆ ತಂದರು. ಸೋನಿ, ಜೆಬಿಎಲ್, ಬೋಸ್, ಮಾರ್ಷಲ್ ಮುಂತಾದವರ ಹಲವು ಹೆಡ್‌ಫೋನು, ಇಯರ್‌ಬಡ್ಸ್‌ಗಳಲ್ಲಿ ಆ ಚಿಪ್ ಇತ್ತು. ಬ್ಲೂಟೂತ್ ದೂರದಲ್ಲಿ ನಿಂತ, ವಿದ್ಯೆ ಬಲ್ಲವನೊಬ್ಬ ಜೋಡಿಸಿಕೊಳ್ಳದೆಯೇ ಅವುಗಳ ಸ್ಮರಣೆಗೆ ಕೈ ಹಾಕಬಹುದಿತ್ತು. ದಾರಿಹೋಕರ ಮೇಲೆ ಯಾರೂ ಇಷ್ಟು ಕಷ್ಟಪಡಲಾರರು, ಗಾಬರಿ ಬೇಡ. ಆದರೆ ಇಂಥ ದೋಷಕ್ಕೆ ತೇಪೆ ತಲುಪುವ ದಾರಿ ಹೆಚ್ಚಿನ ಕಂಪನಿಗಳಲ್ಲಿ ಒಂದೇ, ಆ ಆ್ಯಪ್.

ಬಡ್ಸ್‌ಗೆ ಅಪ್‌ಡೇಟ್ ಮಾಡುವಾಗ ನೆನಪಿಡಬೇಕಾದ್ದು, ಅವು ಜೋಡಿಯಾದರೂ ಎರಡು ಬೇರೆ ಸಾಧನ. ಎಡ, ಬಲ ಎರಡಕ್ಕೂ ಪ್ರತ್ಯೇಕ ಚಿಪ್, ಪ್ರತ್ಯೇಕ ಬ್ಯಾಟರಿ, ಪ್ರತ್ಯೇಕ ತಂತ್ರಾಂಶ. ಒಂದಕ್ಕೆ ಹೊಸದು ಬಂದು ಇನ್ನೊಂದು ಹಳೆಯದರಲ್ಲೇ ಉಳಿದರೆ ಒಂದೇ ಕಿವಿಯಲ್ಲಿ ಹಾಡು ಬರುವುದು, ಎರಡೂ ಜೊತೆಗೂಡದಿರುವುದು ಶುರುವಾಗಬಹುದು. ಆದ್ದರಿಂದ ಎರಡರ ಚಾರ್ಜೂ ನೋಡಿ, ಡಬ್ಬಿಯದ್ದೂ ನೋಡಿ. ಲ್ಯಾಪ್‌ಟಾಪಿಗೂ ಜೋಡಿಸಿದ್ದರೆ ಅದರ ಬ್ಲೂಟೂತ್ ಆಫ್ ಮಾಡಿ. ಹಾಡು, ಕರೆ ಯಾವುದೂ ಬೇಡ.

ಮುಚ್ಚಳದ ವಿಚಾರದಲ್ಲಿ ಮಾತ್ರ ಒಂದೇ ನಿಯಮ ಇಲ್ಲ. ಹಲವು ಮಾದರಿಗಳಲ್ಲಿ ಮುಚ್ಚಳ ಹಾಕಿದ ಕೂಡಲೇ ಬ್ಲೂಟೂತ್ ಕಡಿಯುತ್ತದೆ, ಹಾಗಾಗಿ ಬಡ್ಸ್ ಡಬ್ಬಿಯಲ್ಲಿದ್ದು ಮುಚ್ಚಳ ತೆರೆದಿರಬೇಕು. ಏರ್‌ಪಾಡ್ಸ್‌ಗೆ ಇದರ ತದ್ವಿರುದ್ಧ: ಅಪ್‌ಡೇಟ್ ಗುಂಡಿಯೇ ಇಲ್ಲ. ಡಬ್ಬಿಯಲ್ಲಿಟ್ಟು, ಮುಚ್ಚಳ ಹಾಕಿ, ಚಾರ್ಜಿಗೆ ಸಿಕ್ಕಿಸಿ, ವೈಫೈ ಇರುವ ಐಫೋನಿನ ಬಳಿ ಕನಿಷ್ಠ 30 ನಿಮಿಷ ಬಿಡಬೇಕು. ಆಯಿತೇ ಎಂದು ತಿಳಿಯಲು ಬ್ಲೂಟೂತ್ ಸೆಟ್ಟಿಂಗ್ಸ್‌ನಲ್ಲಿ ಅದರ ಹೆಸರಿನ ಪಕ್ಕದ ಮಾಹಿತಿ ಗುರುತು ಒತ್ತಿ, ಆವೃತ್ತಿ ಸಂಖ್ಯೆ ಬದಲಾಗಿದೆಯೇ ನೋಡಬೇಕು.

ನಿಮ್ಮ ಇಯರ್‌ಬಡ್ಸ್ ಬಂದಿದ್ದ ರಟ್ಟಿನ ಪೆಟ್ಟಿಗೆ ಇನ್ನೂ ಬೀರುವಿನಲ್ಲಿದ್ದರೆ ಇವತ್ತು ತೆಗೆದು ನೋಡಿ. ಅದರ ಮೇಲೋ ಒಳಗಿನ ಚೀಟಿಯಲ್ಲೋ ಆ್ಯಪಿನ ಹೆಸರು, ಕ್ಯೂಆರ್ ಕೋಡ್ ಇರುತ್ತದೆ. ಹೆಸರು ಹುಡುಕಿ ಅಂದಾಜಿನ ಮೇಲೆ ಹಾಕಿಕೊಳ್ಳುವ ಬದಲು ಅದನ್ನೇ ಸ್ಕ್ಯಾನ್ ಮಾಡಿ, ಅಪ್‌ಡೇಟ್ ಇದ್ದರೆ ಮುಗಿಸಿ. ಆಮೇಲೆ ಆ್ಯಪ್ ಬೇಡವೆನಿಸಿದರೆ ತೆಗೆದುಹಾಕಿ. ಬಡ್ಸ್‌ಗೆ ಹೋದ ತಂತ್ರಾಂಶ ಅಲ್ಲೇ ಉಳಿಯುತ್ತದೆ.