ಮಂಗನ ಕಾಯಿಲೆಗೆ ಲಸಿಕೆ ಇದೆಯೇ? ಒಂದು ಫಾರ್ವರ್ಡ್‌ಗೆ ಕೇಳಬೇಕಾದ ನಾಲ್ಕು ಪ್ರಶ್ನೆ

ಶಿವಮೊಗ್ಗದ ವಿನೋಬನಗರದಲ್ಲಿರುವ ಒಂದು ಮನೆಯ ಫ್ಯಾಮಿಲಿ ಗ್ರೂಪ್‌ಗೆ ಡಿಸೆಂಬರ್‌ನಲ್ಲಿ ಹೀಗೊಂದು ಸಂದೇಶ ಬಂತು ಎಂದುಕೊಳ್ಳಿ: “ಮಂಗನ ಕಾಯಿಲೆಗೆ ಹೆದರಬೇಡಿ. ಲಸಿಕೆ ಇದೆ. ಎರಡು ಡೋಸ್ ಹಾಕಿಸಿಕೊಂಡವರಿಗೆ ಶೇ 93ರಷ್ಟು ರಕ್ಷಣೆ. ವೈದ್ಯರೇ ಹೇಳಿದ್ದು. ತೋಟಕ್ಕೆ ಹೋಗುವ ಎಲ್ಲರಿಗೂ ಕಳಿಸಿ.” ಕೆಳಗೆ ಒಂದು ವೆಬ್‌ಸೈಟ್ ಲಿಂಕ್.

ಇದು ಉದಾಹರಣೆಗೆಂದು ನಾವೇ ಬರೆದ ಸಂದೇಶ. ಆದರೆ ಅದರಲ್ಲಿರುವ ಅಂಕಿ ಕಟ್ಟುಕಥೆಯಲ್ಲ, ನಿಜವಾದ ಒಂದು ಅಧ್ಯಯನದಿಂದಲೇ ಬಂದದ್ದು. ಹಾಗಿದ್ದರೂ ಈ ಸಂದೇಶವನ್ನು ಇವತ್ತು ನಂಬಿದರೆ ಅಪಾಯವಿದೆ. ಹೇಗೆ ಎನ್ನುವುದನ್ನು ತರಗತಿಯಲ್ಲಿ ಮಕ್ಕಳಿಗೆ ಕೇಳುವಂತೆ ನಾಲ್ಕು ಪ್ರಶ್ನೆಗಳ ಮೂಲಕ ನೋಡೋಣ. ನಿಮ್ಮ ಮನೆಯಲ್ಲೂ, ಶಾಲೆಯಲ್ಲೂ ಇದೇ ಪ್ರಶ್ನೆಗಳನ್ನು ಬಳಸಬಹುದು.

ಪ್ರಶ್ನೆ 1: ಇದನ್ನು ಹೇಳಿದವರು ಯಾರು?

“ವೈದ್ಯರೇ ಹೇಳಿದ್ದು” ಎಂದರೆ ಯಾವ ವೈದ್ಯರು? ಹೆಸರಿಲ್ಲ, ಊರಿಲ್ಲ, ಕೆಲಸ ಮಾಡುವ ಸಂಸ್ಥೆ ಇಲ್ಲ. ಹೆಸರೇ ಇಲ್ಲದಿದ್ದರೆ ಆ ಮಾತು ತಪ್ಪಾದಾಗ ಯಾರನ್ನೂ ಕೇಳಲಾಗುವುದಿಲ್ಲ.

ಹೋಲಿಕೆಗೆ ಇದೇ ಲಸಿಕೆಯ ಬಗ್ಗೆ 2013ರಲ್ಲಿ ‘ಪಿಎಲ್‌ಒಎಸ್ ನೆಗ್ಲೆಕ್ಟೆಡ್ ಟ್ರಾಪಿಕಲ್ ಡಿಸೀಸಸ್’ ಎಂಬ ವೈಜ್ಞಾನಿಕ ಪತ್ರಿಕೆಯಲ್ಲಿ ಬಂದ ಲೇಖನವನ್ನು ನೋಡಿ. ಅದರಲ್ಲಿ ಲೇಖಕರ ಹೆಸರುಗಳಿವೆ. ಕರ್ನಾಟಕದ ಆರೋಗ್ಯ ಇಲಾಖೆಯವರೂ ಚೆನ್ನೈನ ರಾಷ್ಟ್ರೀಯ ಸಾಂಕ್ರಾಮಿಕ ರೋಗವಿಜ್ಞಾನ ಸಂಸ್ಥೆಯವರೂ ಸೇರಿ ಅದನ್ನು ಬರೆದಿದ್ದಾರೆ. ಹೆಸರಿದ್ದ ಮಾತ್ರಕ್ಕೆ ಎಲ್ಲವೂ ಸರಿ ಎಂದಲ್ಲ. ಆದರೆ ಬರೆದವರು ಈ ರೋಗದ ಕೆಲಸವನ್ನೇ ಮಾಡುವವರೇ ಎಂದು ನಾವು ಪರಿಶೀಲಿಸಬಹುದು.

ಪ್ರಶ್ನೆ 2: ಹಣ ಯಾರದ್ದು?

ಫಾರ್ವರ್ಡ್‌ನ ಲಿಂಕ್ ಒತ್ತಿದಾಗ ಕೊನೆಯಲ್ಲಿ ಕಷಾಯದ ಪುಡಿಯನ್ನೋ ಎಣ್ಣೆಯನ್ನೋ ಕೊಳ್ಳಲು ಫೋನ್ ನಂಬರ್ ಇದ್ದರೆ, ಆ ಪುಟ ಯಾಕೆ ಹುಟ್ಟಿತು ಎಂದು ತಿಳಿದಂತಾಯಿತು. ಇದು ಸುಲಭ. ಕಷ್ಟವಾದ ಉದಾಹರಣೆಯೊಂದು ಮಂಗನ ಕಾಯಿಲೆಯ ಇತಿಹಾಸದಲ್ಲೇ ಇದೆ.

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದಾಗ ಈ ವೈರಸ್ ಅನ್ನು ಪತ್ತೆ ಮಾಡಿದ್ದು ಪುಣೆಯ ವೈರಸ್ ಸಂಶೋಧನಾ ಕೇಂದ್ರ. ಆ ಕೇಂದ್ರ 1952ರಲ್ಲಿ ಶುರುವಾದಾಗ ಅದಕ್ಕೆ ಅಮೆರಿಕದ ರಾಕ್‌ಫೆಲರ್ ಫೌಂಡೇಶನ್‌ನ ನೆರವಿತ್ತು. ಹೊಸ ವೈರಸ್ ರಷ್ಯಾದ ಒಂದು ವೈರಸ್ಸನ್ನು ಹೋಲುತ್ತಿದ್ದುದರಿಂದ, ವಲಸೆ ಹಕ್ಕಿಗಳು ಅದನ್ನು ತಂದಿರಬಹುದೇ ಎಂಬ ಸಂಶಯ ಬಂತು. ಹಕ್ಕಿಗಳ ವಲಸೆಯ ಅಧ್ಯಯನಕ್ಕೆ ಅಮೆರಿಕದ ಸೇನೆಗೆ ಸೇರಿದ ಯೋಜನೆಯೊಂದರಿಂದಲೂ ಹಣ ಬಂತು. 1970ರ ದಶಕದಲ್ಲಿ ಇಂಥ ವಿದೇಶಿ ಹಣದ ಬಗ್ಗೆ ಸಂಸತ್ತಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿಯೂ ಪ್ರಶ್ನೆ ಎತ್ತಿತು.

ಇಷ್ಟನ್ನೇ ಹಿಡಿದು “ಅಮೆರಿಕದವರೇ ವೈರಸ್ ಬಿಟ್ಟರು” ಎಂದು ಬರೆಯುವವರಿದ್ದಾರೆ. ಇಲ್ಲಿ ಎರಡು ವಿಷಯಗಳನ್ನು ಬೇರೆ ಮಾಡಬೇಕು. ಸೇನೆಯ ಹಣ ಯಾಕೆ ಬಂತು ಎಂದು ಕೇಳಿದ್ದು ನ್ಯಾಯವೇ. ಆದರೆ ಹಣ ಬಂದಿತ್ತು ಎನ್ನುವುದು ವೈರಸ್ ಬಿಟ್ಟರು ಎನ್ನುವುದಕ್ಕೆ ಪುರಾವೆಯಲ್ಲ. ಹಣದ ಮೂಲ ತಿಳಿದಾಗ ಎಲ್ಲಿ ಹೆಚ್ಚು ಎಚ್ಚರ ವಹಿಸಬೇಕು ಎಂದು ಗೊತ್ತಾಗುತ್ತದೆ, ಅಷ್ಟೇ. ಉತ್ತರ ಪುರಾವೆಯಿಂದಲೇ ಸಿಗಬೇಕು.

ಪ್ರಶ್ನೆ 3: ಯಾವಾಗಿನ ಮಾತು?

ನಮ್ಮ ಫಾರ್ವರ್ಡ್ ಸಿಕ್ಕಿಬೀಳುವುದು ಇಲ್ಲೇ.

ಶೇ 93 ಎಂಬ ಅಂಕಿ 1990ರಿಂದ 1992ರವರೆಗೆ ನಡೆದ ಅಧ್ಯಯನದ್ದು. ಆಗ ಎರಡು ಡೋಸ್ ಪಡೆದವರಲ್ಲಿ ಲಸಿಕೆಯ ಪರಿಣಾಮ ಶೇ 93.5 ಎಂದು ಲೆಕ್ಕ ಹಾಕಲಾಗಿತ್ತು. ಮೇಲೆ ಹೇಳಿದ 2013ರ ಲೇಖನ 2005ರಿಂದ 2010ರವರೆಗಿನ ಮಾಹಿತಿಯನ್ನು ನೋಡಿತು. ಅದರಲ್ಲಿ ಎರಡು ಡೋಸ್‌ನ ಪರಿಣಾಮ ಶೇ 62.4ಕ್ಕೆ ಇಳಿದಿತ್ತು. ಅಂದರೆ ಲಸಿಕೆ ಇಲ್ಲದ ಗುಂಪಿನಲ್ಲಿ 100 ಜನರಿಗೆ ಕಾಯಿಲೆ ಬರುವ ಕಡೆ, ಅಷ್ಟೇ ದೊಡ್ಡದಾದ ಲಸಿಕೆ ಪಡೆದ ಗುಂಪಿನಲ್ಲೂ ಸುಮಾರು 38 ಜನರಿಗೆ ಬರುತ್ತಿತ್ತು. ಮತ್ತೊಂದು ಬೂಸ್ಟರ್ ಪಡೆದವರಲ್ಲಿ ಪರಿಣಾಮ ಶೇ 82.9 ಇತ್ತು.

ಕಥೆ ಅಲ್ಲಿಗೂ ಮುಗಿಯಲಿಲ್ಲ. ಲಸಿಕೆಯ ಸಾಮರ್ಥ್ಯ ಸಾಲದೆಂದು ಕಂಡುಬಂದು 2022ರಲ್ಲಿ ಕರ್ನಾಟಕದಲ್ಲಿ ಅದನ್ನು ಕೊಡುವುದನ್ನೇ ನಿಲ್ಲಿಸಲಾಯಿತು. ಹೊಸ ಲಸಿಕೆಗಾಗಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಹೈದರಾಬಾದ್‌ನ ಇಂಡಿಯನ್ ಇಮ್ಯುನೊಲಾಜಿಕಲ್ಸ್ ಕೆಲಸ ಕೈಗೆತ್ತಿಕೊಂಡವು. ಆದ್ದರಿಂದ ಸಂದೇಶದಲ್ಲಿರುವುದು ಹಳೆಯ ಲಸಿಕೆಯ, ಹಳೆಯ ಕಾಲದ ಅಂಕಿ.

ದಿನಾಂಕ ನೋಡುವಾಗ ಮೂರು ದಿನಾಂಕಗಳನ್ನು ಹುಡುಕಿ. ವಾಟ್ಸ್‌ಆ್ಯಪ್ ತೋರಿಸುವುದು ಸಂದೇಶ ನಿಮಗೆ ಬಂದ ದಿನ. ವೆಬ್ ಪುಟದ ಮೇಲೆ ಇರುವುದು ಲೇಖನ ಪ್ರಕಟವಾದ ಅಥವಾ ತಿದ್ದಿದ ದಿನ. ಇವೆರಡಕ್ಕಿಂತ ಮುಖ್ಯವಾದದ್ದು ಆ ಮಾಹಿತಿಯನ್ನು ಸಂಗ್ರಹಿಸಿದ ವರ್ಷ. ನಿನ್ನೆ ಪ್ರಕಟವಾದ ಪುಟದಲ್ಲೂ 1990ರ ಅಂಕಿ ಇರಬಹುದು. ಸರ್ಕಾರಿ ಪುಟವೂ ವರ್ಷಗಟ್ಟಲೆ ತಿದ್ದದೆ ಉಳಿದಿರಬಹುದು.

ಪ್ರಶ್ನೆ 4: ಬೇರೆ ಯಾರು ಹೇಳುತ್ತಾರೆ?

ಗೂಗಲ್‌ನಲ್ಲಿ ಹುಡುಕಿದರೆ ಹತ್ತು ಪುಟಗಳು ಶೇ 93.5 ಎನ್ನಬಹುದು. ಆದರೆ ಹತ್ತೂ ಒಂದೇ ಅಧ್ಯಯನದಿಂದ ಎತ್ತಿಕೊಂಡಿದ್ದರೆ ಅದು ಹತ್ತು ಸಾಕ್ಷಿ ಅಲ್ಲ, ಒಂದೇ ಸಾಕ್ಷಿ. ಒಂದೇ ಅಂಕಿ, ಒಂದೇ ಸಾಲುಗಳು, ಒಂದೇ ತಪ್ಪುಗಳು ಮರುಕಳಿಸುತ್ತಿದ್ದರೆ ನಕಲು ಎಂದು ತಿಳಿಯಿರಿ.

ನಿಜವಾದ ಎರಡನೇ ಸಾಕ್ಷಿ ಎಂದರೆ ಬೇರೆ ಸಮಯದಲ್ಲಿ, ಬೇರೆ ರೋಗಿಗಳ ಮಾಹಿತಿ ಸಂಗ್ರಹಿಸಿದ್ದು. ಶಿವಮೊಗ್ಗ ಜಿಲ್ಲೆಯಲ್ಲಿ 2013ರ ಡಿಸೆಂಬರ್‌ನಿಂದ 2014ರ ಏಪ್ರಿಲ್‌ವರೆಗೆ ಕಾಯಿಲೆ ಹರಡಿದಾಗ ನಡೆದ ತನಿಖೆ ಅಂಥದ್ದು. ಲಸಿಕೆ ಪಡೆದವರು ಕಡಿಮೆ, ಲಸಿಕೆಯ ಪರಿಣಾಮವೂ ಕಡಿಮೆ ಎಂದು ಅದು ಹೇಳಿತು. ಲಸಿಕೆಗೆ ಆರಿಸಿದ ಹಳ್ಳಿಗಳ ಆಚೆಗೂ ಕಾಯಿಲೆ ಹಬ್ಬಿತ್ತು. 2005-10ರ ಅಧ್ಯಯನ ಮತ್ತು ಈ ತನಿಖೆ ಎರಡೂ ಒಂದೇ ದಿಕ್ಕಿಗೆ ಬೆರಳು ತೋರಿಸುತ್ತವೆ: ಲಸಿಕೆಯನ್ನೇ ನೆಚ್ಚಿಕೊಳ್ಳುವಂತಿಲ್ಲ.

ಹಾಗಾದರೆ ಗ್ರೂಪ್‌ನಲ್ಲಿ ಏನು ಬರೆಯಬೇಕು?

ಸಂದೇಶ ಕಳಿಸಿದ ಚಿಕ್ಕಪ್ಪ ಸುಳ್ಳು ಹೇಳಿಲ್ಲ, ಹಳೆಯ ಸತ್ಯವನ್ನು ಕಳಿಸಿದ್ದಾರೆ. ಅದನ್ನು ನಂಬಿ “ನನಗೆ ಹಿಂದೆ ಇಂಜೆಕ್ಷನ್ ಆಗಿದೆ” ಎಂದುಕೊಂಡು ಯಾರಾದರೂ ಎಚ್ಚರಿಕೆ ಇಲ್ಲದೆ ಕಾಡಿಗೆ ಹೋದರೆ, ಇಲ್ಲವೇ ಜ್ವರ ಬಂದಾಗ ಎರಡು ದಿನ ಸುಮ್ಮನಿದ್ದರೆ, ತೊಂದರೆ ಅವರಿಗೇ. ಆದ್ದರಿಂದ ಹೀಗೆ ಬರೆಯಬಹುದು:

“ಚಿಕ್ಕಪ್ಪ, ಇದು 1990ರ ದಶಕದ ಅಂಕಿ. ಆ ಲಸಿಕೆಯನ್ನು 2022ರಲ್ಲಿ ನಿಲ್ಲಿಸಿದ್ದಾರೆ. ಮಂಗನ ಕಾಯಿಲೆ ಹರಡುವುದು ಉಣುಗು ಕಚ್ಚುವುದರಿಂದ. ಡಿಸೆಂಬರ್‌ನಿಂದ ಮೇವರೆಗೆ ಕಾಡಿಗೆ, ತೋಟಕ್ಕೆ ಹೋಗುವವರು ಮೈ ತುಂಬ ಬಟ್ಟೆ ಹಾಕಿ, ಆರೋಗ್ಯ ಇಲಾಖೆ ಕೊಡುವ ಎಣ್ಣೆ ಹಚ್ಚಿಕೊಳ್ಳಿ. ಬಂದ ಮೇಲೆ ಬಿಸಿನೀರು, ಸೋಪಿನಲ್ಲಿ ಸ್ನಾನ ಮಾಡಿ. ಇದ್ದಕ್ಕಿದ್ದಂತೆ ಜ್ವರ, ತಲೆನೋವು, ಮೈಕೈ ನೋವು ಬಂದರೆ ಅದೇ ದಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ, ಕಾಡಿಗೆ ಹೋಗಿದ್ದನ್ನು ಹೇಳಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಅಥವಾ ಅರಣ್ಯ ಇಲಾಖೆಗೆ ತಿಳಿಸಿ.”