ಫ್ರೆಂಚ್ ವಿರಾಮಚಿಹ್ನೆಗಳ ತೆರಪು ಮತ್ತು ಪದಗಣನೆ

ಬರಹದಲ್ಲಿ ತೆರಪು ಪದದ ಗಡಿಯನ್ನು ಸೂಚಿಸುತ್ತದೆ ಎಂಬ ಗ್ರಹಿಕೆಯ ಮೇಲೆ ನಮ್ಮ ಬಹುತೇಕ ಪದಗಣನೆಗಳು ನಿಂತಿವೆ. ಫ್ರೆಂಚ್ ಮುದ್ರಣ ಸಂಪ್ರದಾಯಕ್ಕೆ ಇದು ಪೂರ್ತಿಯಾಗಿ ಸಲ್ಲುವುದಿಲ್ಲ. ಅಲ್ಲಿ ಪ್ರಶ್ನಾರ್ಥಕ ಚಿಹ್ನೆ ಮತ್ತು ಅರ್ಧವಿರಾಮಗಳಿಗೂ ಅವುಗಳ ಎಡಗಡೆಯ ಪದಕ್ಕೂ ನಡುವೆ ಕಿರಿದಾದ ತೆರಪೊಂದನ್ನು ಬಿಡುತ್ತಾರೆ. ಗಿಯ್ಮೆ ಎಂಬ ಕೋನಾಕಾರದ ಉದ್ಧರಣ ಚಿಹ್ನೆಗಳ ಒಳಬದಿಯಲ್ಲಿಯೂ ತೆರಪಿರುತ್ತದೆ. ಈ ತೆರಪು ಚಿಹ್ನೆಯ ಅಂಗವೇ ಹೊರತು ಪದವಿಭಾಜಕವಲ್ಲ. ಆದುದರಿಂದಲೇ ಅಲ್ಲಿ ಸಾಲು ಮುರಿಯಬಾರದು. ಮುರಿದರೆ ಪ್ರಶ್ನಾರ್ಥಕ ಚಿಹ್ನೆಯೊಂದೇ ಮುಂದಿನ ಸಾಲಿನ ತಲೆಯಲ್ಲಿ ಬಂದು ನಿಲ್ಲುತ್ತದೆ.

ಯೂನಿಕೋಡಿನಲ್ಲಿ ಇದಕ್ಕೆ ಎರಡು ಸಂಕೇತಗಳಿವೆ: ಮುರಿಯದ ಸಾಮಾನ್ಯ ತೆರಪಿಗೆ U+00A0, ಮುರಿಯದ ಕಿರುತೆರಪಿಗೆ U+202F. ಎರಡನೆಯದನ್ನು ಸೇರಿಸಿದ್ದು ಮೂಲತಃ ಮಂಗೋಲಿಯನ್ ಪ್ರತ್ಯಯಗಳಿಗಾಗಿ ಎಂಬುದು ಕುತೂಹಲದ ಸಂಗತಿ. ಫ್ರೆಂಚಿನ ಅರ್ಧವಿರಾಮ, ಪ್ರಶ್ನಾರ್ಥಕಗಳಿಗೆ ಕಿರುತೆರಪೇ ಉಚಿತ. ಗಿಯ್ಮೆಗಳ ಒಳಗೆ ಸಾಮಾನ್ಯ ಅಗಲದ್ದು ರೂಢಿ. ಆದರೆ ಪದಸಂಸ್ಕಾರಕ ತಂತ್ರಾಂಶಗಳು ಎಲ್ಲೆಡೆಯೂ U+00A0 ಅನ್ನೇ ಸೇರಿಸುವುದುಂಟು, ಅವಸರದ ಬೆರಳಚ್ಚಿನಲ್ಲಿ ಬರಿಯ U+0020 ಬರುತ್ತದೆ. ಕಣ್ಣಿಗೆ ಒಂದೇ ಎನಿಸುವ ವಾಕ್ಯ ಪಠ್ಯಸಂಚಯದಲ್ಲಿ ಮೂರು ರೂಪಗಳಲ್ಲಿ ಸೇರಿಕೊಳ್ಳುವುದು ಹೀಗೆ.

‘ಅವನು ಬರುವನೇ?’ ಎಂಬರ್ಥದ ವಾಕ್ಯವೊಂದನ್ನು ಪೈಥಾನಿನಲ್ಲಿ ಒಡೆದು ನೋಡೋಣ.

```
s = "«\u00a0Viendra-t-il\u202f?\u00a0»"
len(s.split())     # 4
len(s.split(" "))  # 1
```

ಮೊದಲ ಕ್ರಮ ಯೂನಿಕೋಡಿನ ಎಲ್ಲ ತೆರಪುಗಳಲ್ಲಿಯೂ ಒಡೆಯುತ್ತದೆ. ಎರಡನೆಯದು U+0020 ಒಂದನ್ನೇ ಗುರುತಿಸುವುದರಿಂದ ಕ್ರಿಯಾಪದವು ಗಿಯ್ಮೆಗಳೊಡನೆ ಅಂಟಿಕೊಂಡು ಹೊಸದೊಂದು ‘ಪದ’ವಾಗುತ್ತದೆ.

ಪ್ರಾದೇಶಿಕ ಹೋಲಿಕೆಯಲ್ಲಿ ಈ ತೊಡಕು ಗಂಭೀರವಾಗುತ್ತದೆ. ಕ್ವಿಬೆಕ್‌ನ ಬರಹದಲ್ಲಿ ಗಿಯ್ಮೆಗಳೊಳಗೆ ತೆರಪು ಉಳಿದರೂ, ಪ್ರಶ್ನಾರ್ಥಕ ಮತ್ತು ಅರ್ಧವಿರಾಮಗಳ ಎಡಗಡೆ ಸಾಮಾನ್ಯವಾಗಿ ತೆರಪು ಬಿಡುವುದಿಲ್ಲ. ಎರಡೂ ಸಂಚಯಗಳನ್ನು ತೆರಪಿನಲ್ಲಿ ಮಾತ್ರ ಒಡೆದರೆ ಫ್ರಾನ್ಸಿನ ಪ್ರಶ್ನಾರ್ಥಕವು ಬೇರೆ ಟೋಕನ್ ಆಗುತ್ತದೆ, ಕ್ವಿಬೆಕ್‌ನದು ಪದಕ್ಕೆ ಅಂಟಿರುತ್ತದೆ. ಆಗ ಫ್ರಾನ್ಸಿನ ವಾಕ್ಯಗಳು ಉದ್ದವೆಂದೂ ಕ್ವಿಬೆಕ್‌ನ ಪದವೈವಿಧ್ಯ ಹೆಚ್ಚೆಂದೂ ಕಾಣುತ್ತದೆ. ಆ ವ್ಯತ್ಯಾಸ ಅಚ್ಚುಮೊಳೆಯದು, ಭಾಷೆಯದಲ್ಲ. ಸಂಚಯದ ಪದಪಟ್ಟಿಯಲ್ಲಿ ಪ್ರಶ್ನಾರ್ಥಕದಿಂದ ಕೊನೆಗೊಳ್ಳುವ ನಮೂದುಗಳಿವೆಯೇ ಎಂದು ನೋಡಿದರೆ ದೋಷ ಕೂಡಲೇ ಬಯಲಾಗುತ್ತದೆ.

ಪರಿಹಾರವಾಗಿ NFKC ಸಾಮಾನ್ಯೀಕರಣವನ್ನು ಹಲವರು ಬಳಸುತ್ತಾರೆ. ಅದು ಎರಡು ಮುರಿಯದ ತೆರಪುಗಳನ್ನೂ U+0020 ಆಗಿ ಮಾರ್ಪಡಿಸುತ್ತದೆ. ಏಕರೂಪತೆ ದೊರೆತರೂ ಯಾವುದು ಚಿಹ್ನೆಯ ಅಂಗ, ಯಾವುದು ಪದಗಳ ಗಡಿ ಎಂಬ ಮಾಹಿತಿ ಅಳಿಸಿಹೋಗುತ್ತದೆ. ಅದಕ್ಕಿಂತ ಮೊದಲೇ, ತೆರಪಿರಲಿ ಇಲ್ಲದಿರಲಿ, ಚಿಹ್ನೆಯನ್ನು ಸ್ವತಂತ್ರ ಟೋಕನ್ ಆಗಿ ಬೇರ್ಪಡಿಸುವುದು ಮೇಲೆಂದು ನಾವು ಭಾವಿಸುತ್ತೇವೆ. ಆದರೆ ನಿಯಮವು ಚಿಹ್ನೆಗಳ ನೆರೆಯ ತೆರಪಿಗಷ್ಟೇ ಅನ್ವಯಿಸಬೇಕು. ಫ್ರೆಂಚರು 12 345 ಎಂಬಂಥ ಸಂಖ್ಯೆಗಳಲ್ಲಿ ಸಾವಿರದ ಗುಂಪನ್ನು ಬೇರ್ಪಡಿಸುವುದೂ ಇದೇ ಮುರಿಯದ ತೆರಪಿನಿಂದ. ಅಲ್ಲಿ ಒಡೆದರೆ ಒಂದು ಸಂಖ್ಯೆ ಎರಡಾಗುತ್ತದೆ.