‘40, 100 ಯಾಕೆ ತಪ್ಪು, ಅಪ್ಪಾ?’

ನನ್ನ ಕೆಲಸ ವಿಶಾಖಪಟ್ಟಣದಲ್ಲಿ, ಹೆಂಡತಿಯದು ವಿಜಯವಾಡದಲ್ಲಿ. ಏಳನೇ ತರಗತಿಯ ಮಗಳು ಅಮ್ಮನ ಜೊತೆ ಇದ್ದಾಳೆ. ಶನಿವಾರ ರತ್ನಾಚಲ್ ಎಕ್ಸ್‌ಪ್ರೆಸ್ ಹತ್ತಿ ನಾನೇ ಅಲ್ಲಿಗೆ ಹೋಗುತ್ತೇನೆ. ಮಗಳಿಗೆ ಲೆಕ್ಕ ಹೇಳಿಕೊಡುವುದು ನನ್ನ ಪಾಲಿನ ಕೆಲಸ. ವಾರದ ನಡುವೆ ಇಂಟರ್ನೆಟ್ಟಿನಿಂದ ಒಂದು ವರ್ಕ್‌ಶೀಟ್ ಡೌನ್‌ಲೋಡ್ ಮಾಡಿ ಕಳಿಸುತ್ತೇನೆ. ಅವಳು ಬಿಡಿಸಿ ಫೋಟೊ ಕಳಿಸುತ್ತಾಳೆ. ಕೊನೆಯ ಪುಟದ ಉತ್ತರಪಟ್ಟಿ ನೋಡಿಕೊಂಡು ನಾನು ಅಂಕ ಹಾಕುತ್ತೇನೆ. ಒಂದು ವರ್ಷ ಹೀಗೇ ನಡೆಯಿತು.

ಒಂದು ಸಂಜೆ ಹತ್ತಕ್ಕೆ ಒಂಬತ್ತು ಕೊಟ್ಟೆ. ತಪ್ಪಾಗಿದ್ದ ಪ್ರಶ್ನೆ ಇದು: ಒಂದು ಸಮದ್ವಿಬಾಹು ತ್ರಿಭುಜದ ಒಂದು ಕೋನ 40 ಡಿಗ್ರಿ, ಉಳಿದೆರಡು ಕೋನ ಎಷ್ಟು? ಅವಳು 40 ಮತ್ತು 100 ಎಂದು ಬರೆದಿದ್ದಳು. ಪಟ್ಟಿಯಲ್ಲಿ 70, 70 ಇತ್ತು. ಐದು ನಿಮಿಷಕ್ಕೆ ಫೋನ್ ಬಂತು. ‘ಯಾಕೆ ತಪ್ಪು, ಅಪ್ಪಾ? ನಾನು ಚಿತ್ರ ಬರೆದು ನೋಡಿದೀನಿ.’ ಪಟ್ಟಿಯಲ್ಲಿ ಬೇರೆ ಇದೆಯಲ್ಲ ಅಂದೆ. ಅವಳು ‘ಸರಿ’ ಅಂದು ಫೋನ್ ಇಟ್ಟಳು. ಆ ‘ಸರಿ’ ನನ್ನನ್ನು ರಾತ್ರಿಯೆಲ್ಲ ಕಾಡಿತು. 40, 40, 100 ಕೂಡಿದರೆ 180. ಎರಡು ಕೋನ ಸಮ. ತಪ್ಪೆಲ್ಲಿದೆ? 40 ಡಿಗ್ರಿ ಮೇಲಿನ ಕೋನವೋ ಪಾದದ ಕೋನವೋ ಎಂದು ಪ್ರಶ್ನೆ ಹೇಳಿಯೇ ಇಲ್ಲ. ಅಂದಮೇಲೆ ಎರಡೂ ಉತ್ತರ ಸರಿ. ತಪ್ಪು ಪ್ರಶ್ನೆಯದು, ಅದನ್ನು ಗಮನಿಸದೆ ಅಂಕ ಕತ್ತರಿಸಿದ್ದು ನನ್ನದು.

ವಿಚಿತ್ರ ಏನೆಂದರೆ ಇದೇ ಪ್ರಶ್ನೆಯಲ್ಲಿ 40ರ ಬದಲು 100 ಇದ್ದಿದ್ದರೆ ಯಾವ ತೊಂದರೆಯೂ ಇರಲಿಲ್ಲ. 100 ಡಿಗ್ರಿಯ ಕೋನ ಎರಡಿರಲು ಸಾಧ್ಯವಿಲ್ಲ, ಹಾಗಾಗಿ ಉಳಿದವು 40, 40 ಎಂಬ ಒಂದೇ ಉತ್ತರ. 90 ಅಥವಾ ಅದಕ್ಕಿಂತ ದೊಡ್ಡ ಕೋನ ಕೊಟ್ಟರೆ ಒಂದೇ ಉತ್ತರ. 60 ಕೊಟ್ಟರೂ ಒಂದೇ. 90ಕ್ಕಿಂತ ಚಿಕ್ಕದಾದ ಬೇರೆ ಯಾವ ಕೋನ ಕೊಟ್ಟರೂ ಎರಡು. ವರ್ಕ್‌ಶೀಟ್ ಮಾಡಿದವರು ಅಂಕಿ ಬದಲಿಸಿ ಹತ್ತು ಪ್ರಶ್ನೆ ಹುಟ್ಟಿಸುತ್ತಾರೆ. ಮೊದಲ ಪ್ರಶ್ನೆ ಸರಿಯಿದ್ದರೂ ಅಂಕಿ ಬದಲಾದ ಮೂರನೆಯದು ಕೆಟ್ಟಿರಬಹುದು.

ಆಮೇಲೆ ಕ್ರಮ ಬದಲಿಸಿದೆ. ಮುಂದಿನ ವಾರದ ಹಾಳೆ ಮುದ್ರಿಸಿಕೊಂಡು ರೈಲಿನಲ್ಲಿ ನಾನೇ ಮೊದಲು ಬಿಡಿಸುತ್ತೇನೆ. ಉತ್ತರಪಟ್ಟಿಯ ಪುಟವನ್ನು ಮಡಚಿ ಬ್ಯಾಗಿಗೆ ಹಾಕಿರುತ್ತೇನೆ. ಅದು ಎದುರಿಗಿದ್ದರೆ ಮನಸ್ಸು ಆ ಉತ್ತರಕ್ಕೇ ದಾರಿ ಹುಡುಕುತ್ತದೆ, ಪ್ರಶ್ನೆಯಲ್ಲಿನ ಬಿರುಕು ಕಾಣಿಸುವುದಿಲ್ಲ. ಒಂದು ಉತ್ತರ ಸಿಕ್ಕ ಮೇಲೆ, ಇದನ್ನು ಬೇರೆ ರೀತಿ ಓದಿದರೆ ಇನ್ನೊಂದು ಬರುತ್ತದೆಯೇ ಎಂದು ಬೇಕೆಂದೇ ಹುಡುಕುತ್ತೇನೆ.

ಹೋದ ಶನಿವಾರದ ಹಾಳೆಯನ್ನೇ ತೆಗೆದುಕೊಳ್ಳಿ. ಅನಕಾಪಲ್ಲಿ ದಾಟುವಾಗ ಸಿಕ್ಕಿದ ಪ್ರಶ್ನೆ: ‘ಲಂಬಕೋನ ತ್ರಿಭುಜವೊಂದರ ವಿಕರ್ಣ 13 ಸೆಂ.ಮೀ. ವಿಕರ್ಣಕ್ಕೆ ಎಳೆದ ಲಂಬದ ಎತ್ತರ 8 ಸೆಂ.ಮೀ. ವಿಸ್ತೀರ್ಣ ಎಷ್ಟು?’ 13 ಗುಣಿಸು 8, ಭಾಗಿಸು 2, ಅಂದರೆ 52. ಅರ್ಧ ನಿಮಿಷದ ಕೆಲಸ. ಆದರೆ ಚಿತ್ರ ಬರೆಯಲು ಹೋದರೆ ತ್ರಿಭುಜ ಕೂಡುವುದೇ ಇಲ್ಲ.

ನೀವೂ ಮಾಡಿ ನೋಡಬಹುದು. ಕಾಗದದ ಮೇಲೆ ಒಂದು ಗೆರೆ ಎಳೆಯಿರಿ, ಅದೇ ವಿಕರ್ಣ. ಈಗ ದಿನಪತ್ರಿಕೆಯ ಒಂದು ಮೂಲೆ ತೆಗೆದುಕೊಳ್ಳಿ. ಮೂಲೆ ಎಂದರೆ ಲಂಬಕೋನ ತಾನೇ? ಮೂಲೆಯ ಎರಡು ಅಂಚುಗಳು ಗೆರೆಯ ಎರಡು ತುದಿಗಳನ್ನು ಮುಟ್ಟುವಂತೆ ಇಟ್ಟು ಅತ್ತಿತ್ತ ಸರಿಸಿ. ಮೂಲೆಯ ತುದಿ ಅರ್ಧವೃತ್ತದಲ್ಲಿ ಚಲಿಸುತ್ತದೆ. ಗೆರೆಯೇ ಆ ವೃತ್ತದ ವ್ಯಾಸ. ಹಾಗಾಗಿ ಮೂಲೆ ಎಷ್ಟೇ ಏರಿದರೂ ಗೆರೆಯ ಅರ್ಧಕ್ಕಿಂತ ಮೇಲೆ ಹೋಗದು. ವಿಕರ್ಣ 13 ಆದರೆ ಎತ್ತರ 6.5 ದಾಟದು. 8 ಎತ್ತರದ ಇಂಥ ತ್ರಿಭುಜ ಭೂಮಿಯ ಮೇಲೆ ಇಲ್ಲ, ಇಲ್ಲದ ತ್ರಿಭುಜಕ್ಕೆ ವಿಸ್ತೀರ್ಣ 52! ಸೂತ್ರಕ್ಕೆ ಏನು ಹಾಕಿದರೂ ಅದು ಏನೋ ಒಂದು ಕೊಡುತ್ತದೆ.

ಸರಿಪಡಿಸಲು ಎರಡು ದಾರಿ ಹೊಳೆಯಿತು. 8ನ್ನು 6 ಮಾಡಿದರೆ ತ್ರಿಭುಜ ಚೆನ್ನಾಗಿ ಕೂಡುತ್ತದೆ: ಲಂಬವು ವಿಕರ್ಣವನ್ನು 4 ಮತ್ತು 9 ಆಗಿ ಒಡೆಯುತ್ತದೆ (4 ಗುಣಿಸು 9 ಎಂದರೆ 36, ಅಂದರೆ 6ರ ವರ್ಗ), ವಿಸ್ತೀರ್ಣ 39. ಇಲ್ಲವೇ ‘ಲಂಬಕೋನ’ ಎಂಬ ಪದ ತೆಗೆದು, ವಿಕರ್ಣವನ್ನು ‘ಪಾದ’ ಎಂದು ಬರೆದರೆ 52 ಹಾಗೇ ಉಳಿಯುತ್ತದೆ. ನಾನು ಎರಡನೆಯದನ್ನೇ ಮಾಡಿದೆ.

ಅದೇ ಹಾಳೆಯಲ್ಲಿ ಇನ್ನೊಂದು: 36 ಮಕ್ಕಳ ತರಗತಿಯಲ್ಲಿ 40 ಶೇಕಡಾ ಹುಡುಗಿಯರು, ಹುಡುಗರು ಶೇಕಡಾ ಎಷ್ಟು? 60 ಎಂದು ಎಲ್ಲರೂ ಬರೆಯುತ್ತಾರೆ. 36ರ 40 ಶೇಕಡಾ ಎಂದರೆ 14.4 ಹುಡುಗಿಯರು ಎಂಬುದು ಯಾರ ಕಣ್ಣಿಗೂ ಬೀಳುವುದಿಲ್ಲ, ಏಕೆಂದರೆ ಪ್ರಶ್ನೆ 36ನ್ನು ಬಳಸುವುದೇ ಇಲ್ಲ. ಬಳಕೆಯಾಗದ ಅಂಕಿಯನ್ನು ನಾನೀಗ ಮೊದಲು ಅನುಮಾನಿಸುತ್ತೇನೆ. 36ರ ಜಾಗದಲ್ಲಿ 35 ಬರೆದು ಮುಂದೆ ಹೋದೆ.

ಸಾಮಲಕೋಟ ಬಂದಾಗ ರೈಲಿನ ಲೆಕ್ಕ. 350 ಕಿ.ಮೀ. ದೂರ, ಸರಾಸರಿ ವೇಗ ಗಂಟೆಗೆ 70 ಕಿ.ಮೀ., ನಡುವೆ ಆರು ನಿಲ್ದಾಣಗಳಲ್ಲಿ ತಲಾ ಐದು ನಿಮಿಷ ನಿಲುಗಡೆ; ಪ್ರಯಾಣದ ಒಟ್ಟು ಅವಧಿ ಎಷ್ಟು? ಬ್ಯಾಗಿನಿಂದ ಪಟ್ಟಿ ತೆಗೆದು ನೋಡಿದರೆ ಐದೂವರೆ ಗಂಟೆ. ಆದರೆ ಸರಾಸರಿ ವೇಗ ಎಂದರೆ ಒಟ್ಟು ದೂರ ಭಾಗಿಸು ಒಟ್ಟು ಸಮಯ. ನಿಂತ ಸಮಯವೂ ಅದರಲ್ಲಿ ಸೇರಿರುತ್ತದೆ. ಆಗ ಉತ್ತರ ಐದೇ ಗಂಟೆ. ಪಾಠವನ್ನು ಸರಿಯಾಗಿ ಕಲಿತ ಮಗುವಿಗೇ ಇಲ್ಲಿ ಅಂಕ ಹೋಗುತ್ತದೆ. ‘ಓಡುತ್ತಿರುವಾಗ ವೇಗ 70’ ಎಂದು ತಿದ್ದಿದೆ.

ಮನೆಯ ಹಾಳೆಯಲ್ಲಿ ಹೋಗುವುದು ಒಂದು ಅಂಕ. 2024ರ ನೀಟ್ ಪರೀಕ್ಷೆಯ ಭೌತಶಾಸ್ತ್ರದಲ್ಲಿ ‘ಪ್ರತಿ ಧಾತುವಿನ ಪರಮಾಣುಗಳು ಸ್ಥಿರವಾಗಿರುತ್ತವೆ’ ಎಂಬ ಅರ್ಥದ ಹೇಳಿಕೆಯಿತ್ತು. ವಿಕಿರಣಶೀಲ ಧಾತುಗಳನ್ನು ನೆನೆದರೆ ಅದು ತಪ್ಪು, ಹಳೆಯ ಎನ್‌ಸಿಇಆರ್‌ಟಿ ಪುಸ್ತಕ ಓದಿದವರಿಗೆ ಸರಿ. ಮೊದಲು ಎರಡು ಉತ್ತರಕ್ಕೂ ಅಂಕ ಕೊಟ್ಟರು. ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. ಜುಲೈನಲ್ಲಿ ದೆಹಲಿ ಐಐಟಿಯ ಮೂವರು ತಜ್ಞರು ಒಂದೇ ಉತ್ತರ ಸರಿ ಎಂದರು. 4 ಲಕ್ಷಕ್ಕೂ ಹೆಚ್ಚು ಮಕ್ಕಳ ಅಂಕ ಇಳಿಯಿತು. ವಿಜಯವಾಡದ ಕೋಚಿಂಗ್ ಹಾಸ್ಟೆಲುಗಳಲ್ಲಿ ಆ ವಾರ ಬೇರೆ ಮಾತೇ ಇರಲಿಲ್ಲ.

ರಾಜಮಹೇಂದ್ರವರಂನ ಗೋದಾವರಿ ಸೇತುವೆ ದಾಟುವಾಗ ಹತ್ತೂ ಪ್ರಶ್ನೆ ಮುಗಿದಿದ್ದವು. ಮೂರನ್ನು ತಿದ್ದಿದ್ದೆ. ರಾತ್ರಿ ಊಟವಾದ ಮೇಲೆ ಹಾಳೆಯನ್ನು ಮಗಳ ಮುಂದಿಟ್ಟು, ಇದು ಚೆಕ್ ಮಾಡಿದ್ದು ಎಂದು ಸ್ವಲ್ಪ ಜಂಭದಿಂದಲೇ ಹೇಳಿದೆ. ಅವಳು ಒಂಬತ್ತನೇ ಪ್ರಶ್ನೆಗೆ ನಿಂತಳು. 2, 3, 5, ಮುಂದಿನದು ಯಾವುದು? ಅವಿಭಾಜ್ಯ ಸಂಖ್ಯೆಗಳು, 7 ಎಂದು ನಾನು ಟಿಕ್ ಹಾಕಿ ಮುಂದೆ ಹೋಗಿದ್ದೆ.

‘ಅಪ್ಪಾ, 8 ಯಾಕಾಗಬಾರದು? 2, 3 ಕೂಡಿದರೆ 5. 3, 5 ಕೂಡಿದರೆ 8.’

ಸ್ವಲ್ಪ ಯೋಚಿಸಿ ಅವಳೇ ಮತ್ತೆ ಅಂದಳು: ‘9 ಕೂಡ ಆಗತ್ತೆ. 1 ಕೂಡಿದಾರೆ, 2 ಕೂಡಿದಾರೆ, ಆಮೇಲೆ 4.’

ಪೆನ್ನು ಅವಳ ಕೈಗೆ ಕೊಟ್ಟೆ. ನನ್ನ ಟಿಕ್ ಹೊಡೆದುಹಾಕಿ, ಪ್ರಶ್ನೆಯ ಮುಂದೆ ‘ಅವಿಭಾಜ್ಯ ಸಂಖ್ಯೆಗಳನ್ನು ಕ್ರಮವಾಗಿ ಬರೆದಿದೆ’ ಎಂದು ಸೇರಿಸಿದಳು. ಆಮೇಲೆ ಹತ್ತನೆಯದಕ್ಕೆ ಹೋದಳು.